‘ನನ್ನ ಆರ್ಡರ್ ಎಲ್ಲಿ?’: ಇಳಕಲ್ಲಿನ ಸೀರೆ ಅಂಗಡಿಯಿಂದ ಉತ್ತರ

ನಮಸ್ಕಾರ ಶೈಲಜಾ ಅಕ್ಕಾವ್ರೆ,

ನಿಮ್ಮ ಮೆಸೇಜಿನಲ್ಲಿ ಹೆಸರಾಗಲಿ ಬಿಲ್ ನಂಬರಾಗಲಿ ಇರಲಿಲ್ಲ. ಫೋನ್ ನಂಬರ್ ಇಟ್ಟುಕೊಂಡು ಪುಸ್ತಕ ತೆಗೆದು ನೋಡಿದೆ. ರಾಜಾಜಿನಗರದ ಆರ್ಡರ್, ಎರಡು ಸೀರೆ, ಮುಂದಿನ ಶುಕ್ರವಾರ ಮಗಳ ಕುಬಸ. ನೀವೇ ಅಲ್ವಾ?

ನಿಮ್ಮ ಆರ್ಡರ್ ಈಗ ಎರಡು ಕಡೆ ಇದೆ. ಅತ್ತೆಯವರ ಒಂಬತ್ತು ಗಜದ ಸೀರೆ ನಿಮ್ಮ ಏರಿಯಾದ ಪೋಸ್ಟ್ ಆಫೀಸಿನಲ್ಲಿದೆ. ಮಗಳ ಹಸಿರು ಸೀರೆ ಇಲ್ಲೇ ಇಳಕಲ್ಲಿನಲ್ಲಿ ಮಗ್ಗದ ಮೇಲಿದೆ.

ಮೊದಲು ಪೋಸ್ಟಿನ ವಿಷಯ. ಅದಕ್ಕೆ ಇವತ್ತೇ ಹೋಗಬೇಕು. ಕಳೆದ ಗುರುವಾರ ಸ್ಪೀಡ್ ಪೋಸ್ಟ್ ಮಾಡಿದ್ದೆ. ಸೋಮವಾರ ಪೋಸ್ಟ್‌ಮ್ಯಾನ್ ನಿಮ್ಮ ಮನೆಗೆ ಬಂದಿದ್ದಾರೆ, ಬಾಗಿಲು ಹಾಕಿತ್ತು ಅಂತ ಟ್ರ್ಯಾಕಿಂಗ್‌ನಲ್ಲಿ ತೋರಿಸುತ್ತಿದೆ. ಅಂಥ ಪಾರ್ಸೆಲ್ಲನ್ನು ಅವರು ಏಳು ದಿನ ಇಟ್ಟುಕೊಳ್ಳುತ್ತಾರೆ, ಆಮೇಲೆ ನನಗೇ ವಾಪಸ್ ಕಳಿಸುತ್ತಾರೆ. ರಸೀದಿಯ ಫೋಟೋ ಕೆಳಗೆ ಹಾಕಿದ್ದೇನೆ. ಅದರಲ್ಲಿ 13 ಅಕ್ಷರ-ಅಂಕಿಯ ನಂಬರ್ ಇದೆ, ಕೊನೆಗೆ IN ಅಂತ ಇರುತ್ತದೆ. ಆ ನಂಬರ್, ಜೊತೆಗೆ ನಿಮ್ಮ ಆಧಾರ್ ಅಥವಾ ಬೇರೆ ಯಾವುದಾದರೂ ಗುರುತಿನ ಚೀಟಿ ತೆಗೆದುಕೊಂಡು ಹೋಗಿ. ನೀವೇ ಹೋಗಲು ಆಗದಿದ್ದರೆ, ಬೇರೆಯವರ ಕೈಯಲ್ಲಿ ಕೊಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಇಷ್ಟು ಅವಸರ ಮಾಡುವುದಕ್ಕೆ ಕಾರಣ ಇದೆ. ಹಸಿರು ಸೀರೆಗೆ ನೀವು ಆರಿಸಿದ ಗುಳೇದಗುಡ್ಡದ ಖಣವನ್ನೂ ಅದೇ ಪಾರ್ಸೆಲ್ಲಿನಲ್ಲಿ ಇಟ್ಟಿದ್ದೇನೆ. ಸೀರೆ ಬರುವ ತನಕ ಕಾದು ಆಮೇಲೆ ರವಿಕೆ ಹೊಲಿಯಲು ಕೊಟ್ಟರೆ ನಿಮ್ಮೂರಿನ ಟೈಲರ್ ಶುಕ್ರವಾರದೊಳಗೆ ಕೊಡುತ್ತಾರೆ ಅನ್ನುವ ನಂಬಿಕೆ ನನಗಿಲ್ಲ. ಖಣ ಮೊದಲೇ ಕೈಗೆ ಸಿಕ್ಕರೆ ರವಿಕೆ ತಯಾರಾಗಿರುತ್ತದೆ. ಬಸುರಿಯ ಅಳತೆ, ಹಳೇ ರವಿಕೆಯ ಅಳತೆ ಕೊಡಬೇಡಿ. ಹೊಸದಾಗಿ ಅಳತೆ ತೆಗೆಸಿ, ಒಳಗೆ ಸ್ವಲ್ಪ ಬಟ್ಟೆ ಜಾಸ್ತಿ ಬಿಡಲು ಹೇಳಿ.

ಇನ್ನೊಂದು ಮಾತು. ಅಂಚೆ ಇಲಾಖೆಯ ಹೆಸರಿನಲ್ಲಿ ‘ನಿಮ್ಮ ವಿಳಾಸ ಸರಿ ಇಲ್ಲ, ಈ ಲಿಂಕ್ ಒತ್ತಿ’ ಅಂತ ಮೋಸದ ಮೆಸೇಜುಗಳು ಬರುತ್ತವೆ. ಅಂಥದ್ದು ಬಂದರೆ ಒತ್ತಬೇಡಿ. ನಿಮ್ಮ ವಿಳಾಸ ಸರಿಯಾಗಿಯೇ ಇದೆ, ಪೋಸ್ಟಿನ ದುಡ್ಡೂ ನಾನು ಕಟ್ಟಿ ಆಗಿದೆ. ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ.

ಈಗ ಹಸಿರು ಸೀರೆ. ಇವತ್ತು ಬೆಳಿಗ್ಗೆ ನಾನೇ ನೇಕಾರರ ಮನೆಗೆ ಹೋಗಿ ನೋಡಿ ಬಂದೆ. ನಾಲ್ಕು ಗಜದ ಮೇಲೆ ನೇಯ್ದಾಗಿದೆ. ದಿನಕ್ಕೆ ಸುಮಾರು ಒಂದು ಗಜ ಆಗುತ್ತದೆ, ಹಾಗಾಗಿ ಈ ಶುಕ್ರವಾರ ಸಂಜೆಗೆ ಮಗ್ಗದಿಂದ ಇಳಿಯುತ್ತದೆ. ಫೋಟೋ ಕಳಿಸಿದ್ದೇನೆ. ಬಣ್ಣ ಫೋನಿನಲ್ಲಿ ಸ್ವಲ್ಪ ನೀಲಿ ಹೊಡೆದಂತೆ ಕಾಣುತ್ತದೆ. ಕೈಯಲ್ಲಿ ಹಿಡಿದರೆ ನೀವು ಕೇಳಿದ ಗಿಳಿ ಹಸಿರೇ ಇದೆ.

ತಡ ಯಾಕಾಯಿತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೋದ ವಾರ ಇಲ್ಲಿ ಬಿಡದೆ ಜಡಿಮಳೆ. ಒಡಲಿನ ಹತ್ತಿ ನೂಲಿಗೆ ಗಂಜಿ ಹಾಕಿ ಒಣಗಿಸಬೇಕು. ಬಿಸಿಲಿಲ್ಲದೆ ಅದು ಒಣಗಲಿಲ್ಲ. ಹಸಿ ನೂಲನ್ನೇ ಮಗ್ಗಕ್ಕೆ ಏರಿಸಿದರೆ ಎಳೆ ಹರಿಯುತ್ತಾ ಹೋಗುತ್ತದೆ. ಹರಿದ ಎಳೆಗಳಿಗೆ ಗಂಟು ಹಾಕಿದ ಸೀರೆಯನ್ನು ಕುಬಸಕ್ಕೆ ಕಳಿಸಲು ನನಗೆ ಮನಸ್ಸಿಲ್ಲ.

‘ಬೇರೆ ಸೀರೆಯ ಹಾಸಿನಲ್ಲೇ ಇದನ್ನೂ ನೇಯಬಹುದಿತ್ತಲ್ಲ’ ಅಂತ ಕೆಲವರು ಕೇಳುತ್ತಾರೆ. ಇಳಕಲ್ ಸೀರೆಯಲ್ಲಿ ಅದು ಆಗದ ಮಾತು. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದ ನೂಲು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನಿಮ್ಮ ಸೀರೆಗೆ ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ. ಈ ಎರಡೂ ಹಾಸುಗಳ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಪ್ರತಿ ಎಳೆಗೂ ಒಂದು ಕೊಂಡಿ, ಎಲ್ಲವೂ ಕೈಯಲ್ಲೇ. ಆ ಕೆಲಸಕ್ಕೆ ಮನೆಯ ಹೆಂಗಸರೂ ಕೂರುತ್ತಾರೆ. ಹೀಗಾಗಿ ಒಂದು ಹಾಸಿನಲ್ಲಿ ಒಂದೇ ಸೀರೆ. ಅದು ಮುಗಿದರೆ ಇನ್ನೊಂದಕ್ಕೆ ಮತ್ತೆ ಮೊದಲಿನಿಂದ ಶುರು. ಸೆರಗಿನಲ್ಲಿ ಕೆಂಪಿನ ನಡುವೆ ಬಿಳಿ ತೆನೆ, ಹಣಿಗೆ, ಕೋಟೆಯ ತೆನೆಗಳ ಸಾಲು ಬರುತ್ತದಲ್ಲ, ಅದೇ ತೋಪುತೆನೆ ಸೆರಗು. ಸೀರೆ ಕೈಗೆ ಬಂದ ಮೇಲೆ ಸೆರಗು ಒಡಲು ಕೂಡುವ ಜಾಗವನ್ನು ಹಿಂದೆ ತಿರುಗಿಸಿ ನೋಡಿ. ಕೊಂಡಿಯ ಗೆರೆ ಬೆರಳಿಗೆ ತಾಗುತ್ತದೆ.

ನಿಮಗೆ ಕಾಯಲು ಧೈರ್ಯ ಇಲ್ಲದಿದ್ದರೆ ಅದೇ ಬಣ್ಣದ ಪವರ್‌ಲೂಮ್ ಸೀರೆ ಅಂಗಡಿಯಲ್ಲಿ ಇದೆ, ಇವತ್ತೇ ಹಾಕುತ್ತೇನೆ. ರೇಟು ಅರ್ಧಕ್ಕಿಂತ ಕಡಿಮೆ. ದೂರದಿಂದ ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಅದನ್ನು ಕೈಮಗ್ಗದ್ದು ಅಂತ ಹೇಳಿ ಕೊಡುವುದಿಲ್ಲ, ಬಿಲ್ಲಿನಲ್ಲೂ ಪವರ್‌ಲೂಮ್ ಅಂತಲೇ ಬರೆಯುತ್ತೇನೆ. ಪೂರ್ತಿ ಬೇಡ ಅನ್ನಿಸಿದರೂ ಸರಿ. ನೀವು ಕೊಟ್ಟ 3,000 ರೂಪಾಯಿ ಮುಂಗಡ ಅದೇ ಯುಪಿಐಗೆ ವಾಪಸ್ ಹಾಕುತ್ತೇನೆ. ಬೇಜಾರು ಮಾಡಿಕೊಳ್ಳುವುದಿಲ್ಲ. ಹಸಿರು ಸೀರೆಗೆ ನಮ್ಮಲ್ಲಿ ಗಿರಾಕಿಗೆ ಬರ ಇಲ್ಲ. ನನ್ನನ್ನು ಕೇಳಿದರೆ ಮಾತ್ರ, ಕಾಯಿರಿ ಅಂತಲೇ ಹೇಳುತ್ತೇನೆ. ದಿನ ಕೈಯಲ್ಲಿದೆ.

ಈಗ ನೀವು ಎರಡು ವಿಷಯ ಹೇಳಬೇಕು.

ಶನಿವಾರ ಸೀರೆಯನ್ನು ಹೇಗೆ ಕಳಿಸಲಿ? ಸ್ಪೀಡ್ ಪೋಸ್ಟ್ ಮಾಡಿದರೆ ಮಂಗಳವಾರ ಅಥವಾ ಬುಧವಾರ ಮನೆಗೇ ಬರುತ್ತದೆ, ಆದರೆ ಮನೆಯಲ್ಲಿ ಯಾರಾದರೂ ಇರಬೇಕು. ಸರ್ಕಾರಿ ಬಸ್ಸಿನ ಕಾರ್ಗೋದಲ್ಲಿ ಹಾಕಿದರೆ ರಾತ್ರಿ ಬಸ್ಸಿಗೆ ಹೊರಟು ಭಾನುವಾರ ಮೆಜೆಸ್ಟಿಕ್‌ಗೆ ಬರುತ್ತದೆ, ನೀವೇ ಹೋಗಿ ಬಿಡಿಸಿಕೊಳ್ಳಬೇಕು. ಸೋಮವಾರದಂತೆ ಮತ್ತೆ ಬಾಗಿಲು ಹಾಕಿರುವ ಸಾಧ್ಯತೆ ಇದ್ದರೆ ಬಸ್ಸೇ ವಾಸಿ.

ಎರಡನೆಯದು ಕುಚ್ಚು. ಆರ್ಡರ್ ಕೊಡುವಾಗ ‘ನೋಡಿ ಹೇಳುತ್ತೇನೆ’ ಅಂದಿದ್ದಿರಿ. ಇಲ್ಲೇ ಹಾಕಿಸಿದರೆ ಒಂದು ದಿನ ಹೋಗುತ್ತದೆ, ಪಾರ್ಸೆಲ್ ಸೋಮವಾರಕ್ಕೆ ಮುಂದೆ ಹೋಗುತ್ತದೆ. ಆಗ ಬಸ್ಸು ಬಿಟ್ಟು ಬೇರೆ ದಾರಿ ಇಲ್ಲ. ನನ್ನ ಸಲಹೆ, ಈಗ ಕುಚ್ಚು ಬೇಡ. ಫಾಲ್ ಮಾತ್ರ ನಿಮ್ಮಲ್ಲಿ ಹಾಕಿಸಿಕೊಂಡು ಕುಬಸ ಮುಗಿಸಿ. ಬಾಣಂತನಕ್ಕೆ ಮಗಳು ನಿಮ್ಮ ಮನೆಯಲ್ಲೇ ಇರುತ್ತಾರಲ್ಲ, ಕುಚ್ಚು ಆಗ ಹಾಕಿಸಿದರೂ ನಡೆಯುತ್ತದೆ.

ಹಸಿರು ಸೀರೆಯ ಬಾಕಿ 3,400 ರೂಪಾಯಿ. ಅದನ್ನು ಈಗ ಹಾಕಬೇಡಿ. ಶುಕ್ರವಾರ ಸಂಜೆ ಸೀರೆ ಬಿಚ್ಚಿ, ಸೆರಗಿನಿಂದ ಒಳತುದಿಯ ತನಕ ವಿಡಿಯೋ ಮಾಡಿ ಕಳಿಸುತ್ತೇನೆ. ನೋಡಿ, ಸರಿ ಅನ್ನಿಸಿದ ಮೇಲೆ ಹಾಕಿ.

ಅಂಗಡಿ ರಾತ್ರಿ ಎಂಟೂವರೆ ತನಕ ತೆರೆದಿರುತ್ತದೆ. ಪೋಸ್ಟ್ ಆಫೀಸಿನಲ್ಲಿ ಏನಾದರೂ ತಕರಾರು ಮಾಡಿದರೆ ಅಲ್ಲಿಂದಲೇ ಫೋನ್ ಮಾಡಿ, ಕೌಂಟರಿನವರ ಜೊತೆ ನಾನೇ ಮಾತಾಡುತ್ತೇನೆ. ಪಾರ್ಸೆಲ್ ಸಿಕ್ಕ ಮೇಲೆ ಖಣದ ಬಣ್ಣ ಸರಿ ಇದೆಯಾ ಅಂತ ಒಂದು ಮೆಸೇಜ್ ಹಾಕಿ.

ಮಹಾಂತೇಶ
ಸೀರೆ ಅಂಗಡಿ, ಇಳಕಲ್