ಸಮಾಜ ವಿಜ್ಞಾನ ಪೂರ್ವಸಿದ್ಧತಾ ಪರೀಕ್ಷೆ, 10ನೇ ತರಗತಿ: ಬಹುಆಯ್ಕೆ ಪ್ರಶ್ನೆಗಳ ಕೀ ಉತ್ತರ ಮತ್ತು ತಿದ್ದುವವರಿಗೆ ಸೂಚನೆ

ನಮ್ಮ ನಾಲ್ಕೂ ಪ್ರೌಢಶಾಲೆಗಳ ಸಮಾಜ ವಿಜ್ಞಾನ ಶಿಕ್ಷಕರಿಗೆ,

ನಿನ್ನೆ ರಾತ್ರಿ ಗ್ರೂಪಿಗೆ ಬಂದ ಕೀ ಉತ್ತರದ ಫೋಟೊವನ್ನು ಪ್ರಶ್ನೆಪತ್ರಿಕೆಯ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪ್ರಶ್ನೆಗೆ ಬಿಡಿಸಿ ಬರೆದಿದ್ದೇನೆ. ಇನ್ನು ಮುಂದೆ ಫೋಟೊ ನೋಡಿ ತಿದ್ದಬೇಡಿ, ಈ ಪಟ್ಟಿಯನ್ನೇ ಬಳಸಿ. ಪ್ರಶ್ನೆಪತ್ರಿಕೆ ತಯಾರಿಸಿದ ಮೇಡಂ ಅವರಿಗೂ ಫೋನಿನಲ್ಲಿ ಪೂರ್ತಿ ಓದಿ ಹೇಳಿದ್ದೇನೆ, ಅವರು ಒಪ್ಪಿದ್ದಾರೆ.

ಫೋಟೊದಲ್ಲಿ ಇರುವುದು ಇಷ್ಟು. ಮೇಲಿನ ಅಂಚು ಕತ್ತರಿಸಿ ಹೋಗಿರುವುದರಿಂದ ಪ್ರಶ್ನೆ ಸಂಖ್ಯೆಗಳು ಕಾಣುವುದಿಲ್ಲ, ಮನೆಗಳಲ್ಲಿ ಬರೀ ಅಕ್ಷರಗಳಿವೆ:

| | | | | |
|---|---|---|---|---|
| ಆ | ಆ | ಇ | ಇ | ಇ |
| ಇ | ಅ ಅಥವಾ ಆ | ಅ | (ಬೆಳಕು ಬಿದ್ದು ಬಿಳಿಯಾಗಿದೆ) | ಆ |
| ಅ | ಇ | ಈ | ಅ | ಈ |
| ಈ | ಅ | ಆ | ಈ | ಇ |

ಇದನ್ನು ಮೇಲಿನಿಂದ ಕೆಳಕ್ಕೆ, ಕಂಬಸಾಲಿನಲ್ಲಿ ಓದಬೇಕು. ಮೊದಲ ಕಂಬಸಾಲು 1ರಿಂದ 4, ಎರಡನೆಯದು 5ರಿಂದ 8, ಹೀಗೆ. ನಮ್ಮ ಕಣ್ಣಿಗೆ ಎಡದಿಂದ ಬಲಕ್ಕೆ ಓದುವುದೇ ರೂಢಿ, ತಪ್ಪಾದದ್ದೂ ಅಲ್ಲೇ. ಅಡ್ಡಸಾಲಿನಲ್ಲಿ ಓದಿದರೆ 2ನೇ ಪ್ರಶ್ನೆಗೆ 'ಆ' ಬರುತ್ತದೆ, ಅಂದರೆ ಸಹಾಯಕ ಸೈನ್ಯ ಪದ್ಧತಿಯನ್ನು ತಂದವನು ವಿಲಿಯಂ ಬೆಂಟಿಂಕ್ ಎಂದಾಗುತ್ತದೆ. 3ಕ್ಕೆ 'ಇ' ಬಂದು ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿ ರಿಪ್ಪನ್ನನ ತಲೆಗೆ ಕಟ್ಟಿದಂತಾಗುತ್ತದೆ. ಕಂಬಸಾಲಿನಲ್ಲಿ ಓದಿದಾಗ 17 ಉತ್ತರಗಳು ನೇರವಾಗಿ ಹೊಂದುತ್ತವೆ. ಉಳಿದ ಮೂರರ ವಿಚಾರ ಪಟ್ಟಿಯ ಕೆಳಗೆ ಬರೆದಿದ್ದೇನೆ.

ಮೊದಲ ಮನೆ ಮತ್ತು ಕೊನೆಯ ಮನೆ ಹೇಗೆ ಓದಿದರೂ ಬದಲಾಗುವುದಿಲ್ಲ. ಅದಕ್ಕೇ 1ನೇ ಪ್ರಶ್ನೆ ಸರಿ ಬಂತೆಂದು ಧೈರ್ಯವಾಗಿ ಮುಂದೆ ಹೋಗಿಬಿಡುತ್ತೇವೆ. ಒಂದು ಶಾಲೆಯಲ್ಲಿ 11 ಪತ್ರಿಕೆಗಳು ಹಾಗೆಯೇ ತಿದ್ದಿಹೋಗಿವೆ. ಅದರಲ್ಲಿ ಒಬ್ಬ ಹುಡುಗಿಯ ಪತ್ರಿಕೆಯನ್ನು ನಾನೇ ನೋಡಿದೆ. 20ಕ್ಕೆ 20 ಸರಿ ಬರೆದಿದ್ದಾಳೆ, ಮೇಲೆ ಕೆಂಪು ಶಾಯಿಯಲ್ಲಿ 5 ಎಂದಿದೆ. 1, 8, 16, 18, 20ಕ್ಕೆ ಮಾತ್ರ ಎರಡೂ ರೀತಿಯಲ್ಲಿ ಸರಿಯುತ್ತರವೇ ಬರುವುದರಿಂದ ಆ ಐದು ಅಂಕ ಉಳಿದಿವೆ. ಆ 11 ಪತ್ರಿಕೆಗಳನ್ನು ಮಕ್ಕಳ ಕೈಗೆ ಕೊಡುವ ಮೊದಲು ದಯವಿಟ್ಟು ಮತ್ತೆ ತಿದ್ದಿ, ಹಳೆಯ ಅಂಕದ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿ.

ಎಲ್ಲ ಪ್ರಶ್ನೆಗಳಿಗೂ ಒಂದೊಂದು ಅಂಕ. ಅರ್ಧ ಅಂಕ ಇಲ್ಲ, ತಪ್ಪಿಗೆ ಕಳೆಯುವುದೂ ಇಲ್ಲ. ಕ್ರಮಾಕ್ಷರದೊಂದಿಗೆ ಪೂರ್ಣ ಉತ್ತರ ಬರೆಯಬೇಕೆಂದು ಪ್ರಶ್ನೆಪತ್ರಿಕೆಯಲ್ಲಿದೆ. ಅಕ್ಷರ ತಪ್ಪಿದ್ದು ಉತ್ತರ ಸರಿಯಿದ್ದರೆ ಅಂಕ ಕೊಡಿ, ಮಗುವಿಗೆ ವಿಷಯ ಗೊತ್ತಿದೆ. ಅಕ್ಷರ ಸರಿಯಿದ್ದು ಉತ್ತರ ಬೇರೆ ಬರೆದಿದ್ದರೆ ಅಂಕ ಇಲ್ಲ. ಬರೀ ಅಕ್ಷರ ಬರೆದಿದ್ದು ಅದು ಸರಿಯಿದ್ದರೆ ಈ ಪರೀಕ್ಷೆಯ ಮಟ್ಟಿಗೆ ಅಂಕ ಕೊಡೋಣ, ಆದರೆ ಪಕ್ಕದಲ್ಲಿ 'ಪೂರ್ಣ ಉತ್ತರ ಬರೆ' ಎಂದು ಬರೆಯಿರಿ. ಎರಡು ಉತ್ತರ ಬರೆದು ಒಂದನ್ನು ಹೊಡೆದುಹಾಕಿದ್ದರೆ ಉಳಿದದ್ದನ್ನು ನೋಡಿ, ಎರಡನ್ನೂ ಹಾಗೇ ಬಿಟ್ಟಿದ್ದರೆ ಅಂಕ ಇಲ್ಲ. ಕಾಗುಣಿತದ ತಪ್ಪಿಗೆ, ಒತ್ತಕ್ಷರ ಬಿಟ್ಟಿದ್ದಕ್ಕೆ ಅಂಕ ಕಳೆಯಬೇಡಿ.

| ಪ್ರಶ್ನೆ | ಕೇಳಿರುವುದು | ಫೋಟೊದಲ್ಲಿ | ಸರಿಯುತ್ತರ | ತಿದ್ದುವವರಿಗೆ |
|---|---|---|---|---|
| 1 | ಬಕ್ಸಾರ್ ಕದನ ನಡೆದ ವರ್ಷ | ಆ | ಆ) 1764 | 1757 ಪ್ಲಾಸಿ ಕದನದ ವರ್ಷ, ಅಂಕ ಇಲ್ಲ. |
| 2 | ಸಹಾಯಕ ಸೈನ್ಯ ಪದ್ಧತಿಯನ್ನು ಜಾರಿಗೆ ತಂದವನು | ಇ | ಇ) ಲಾರ್ಡ್ ವೆಲ್ಲೆಸ್ಲಿ | ವೆಲ್ಲೆಸ್ಲಿ, ವೆಲ್ಲೆಸ್ಲೀ, ವೆಲೆಸ್ಲಿ ಹೇಗೆ ಬರೆದಿದ್ದರೂ ಸರಿ. |
| 3 | ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿ ತಂದವನು | ಅ | ಅ) ಡಾಲ್‌ಹೌಸಿ | |
| 4 | ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಸ್ಥಳ | ಈ | ಈ) ನಂದಗಡ | 'ಕಿತ್ತೂರು' ಮತ್ತು 'ಸಂಗೊಳ್ಳಿ' ಎಂದು ಬರೆದವರು ಬಹಳ. ಅಂಕ ಇಲ್ಲ, ಆದರೆ ನಂದಗಡ 1831 ಎಂದು ಪಕ್ಕದಲ್ಲಿ ಬರೆದುಕೊಡಿ. |
| 5 | ಸತ್ಯಶೋಧಕ ಸಮಾಜದ ಸ್ಥಾಪಕ | ಆ | ಆ) ಜ್ಯೋತಿಬಾ ಫುಲೆ | ಪುಲೆ, ಫುಲೆ, ಜ್ಯೋತಿರಾವ್ ಫುಲೆ ಎಲ್ಲವೂ ಸರಿ. |
| 6 | ಮೂರನೇ ಆಂಗ್ಲೋ-ಮೈಸೂರು ಯುದ್ಧವನ್ನು ಕೊನೆಗೊಳಿಸಿದ ಒಪ್ಪಂದ | ಅ ಅಥವಾ ಆ | ಆ) ಶ್ರೀರಂಗಪಟ್ಟಣ ಒಪ್ಪಂದ | ಕೆಳಗಿನ ಟಿಪ್ಪಣಿ ನೋಡಿ. |
| 7 | ಮಂಗಲ್ ಪಾಂಡೆ ದಂಗೆಯೆದ್ದ ಸೈನಿಕ ನೆಲೆ | ಇ | ಇ) ಬ್ಯಾರಕ್‌ಪುರ | 'ಮೀರತ್' ಎಂದರೆ ಅಂಕ ಇಲ್ಲ. |
| 8 | ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ ವಿಧಿ | ಅ | ಅ) 17ನೇ ವಿಧಿ | ಬರೀ '17' ಎಂದಿದ್ದರೂ ಕೊಡಿ. |
| 9 | ವಿಶ್ವಸಂಸ್ಥೆ ದಿನ | ಇ | ಇ) ಅಕ್ಟೋಬರ್ 24 | |
| 10 | ಭದ್ರತಾ ಮಂಡಳಿಯ ಕಾಯಂ ಸದಸ್ಯ ರಾಷ್ಟ್ರಗಳು | ಅ | ಅ) 5 | 15 ಎಂಬುದು ಒಟ್ಟು ಸದಸ್ಯರ ಸಂಖ್ಯೆ, 10 ಎಂಬುದು ಕಾಯಂ ಅಲ್ಲದವರದು. ಎರಡಕ್ಕೂ ಅಂಕ ಇಲ್ಲ. |
| 11 | ಸಂವಿಧಾನದ 73ನೇ ತಿದ್ದುಪಡಿ | ಈ | ಈ) ಪಂಚಾಯತ್ ರಾಜ್ ಸಂಸ್ಥೆಗಳು | 'ನಗರ ಸ್ಥಳೀಯ ಸಂಸ್ಥೆಗಳು' 74ನೇ ತಿದ್ದುಪಡಿ. |
| 12 | ದಕ್ಷಿಣ ಭಾರತದ ಅತಿ ಎತ್ತರದ ಶಿಖರ | ಆ | ಆ) ಆನೈಮುಡಿ | 'ಆನೆಮುಡಿ' ಸರಿ. 'ಮುಳ್ಳಯ್ಯನಗಿರಿ' ನಮ್ಮ ರಾಜ್ಯಕ್ಕೆ ಎತ್ತರದ್ದು, ಇಲ್ಲಿ ಅಂಕ ಇಲ್ಲ. |
| 13 | ಭಾರತದ ದಕ್ಷಿಣದ ತುತ್ತತುದಿ | ಇ | ಇ) ಇಂದಿರಾ ಪಾಯಿಂಟ್ | ಪ್ರಶ್ನೆಯಲ್ಲಿ 'ಭಾರತದ' ಎಂದಷ್ಟೇ ಇದೆ, ಮುಖ್ಯಭೂಮಿ ಎಂದಿಲ್ಲ. ಕನ್ಯಾಕುಮಾರಿಗೆ ಅಂಕ ಇಲ್ಲ. |
| 14 | ಭಾಕ್ರಾ ಅಣೆಕಟ್ಟು ಇರುವ ನದಿ | ಕಾಣುವುದಿಲ್ಲ | ಆ) ಸಟ್ಲೆಜ್ | ಕೆಳಗಿನ ಟಿಪ್ಪಣಿ ನೋಡಿ. ಸತ್ಲಜ್, ಸಟ್ಲೇಜ್ ಸರಿ. |
| 15 | ಹತ್ತಿ ಬೆಳೆಗೆ ಹೆಚ್ಚು ಸೂಕ್ತವಾದ ಮಣ್ಣು | ಅ | ಅ) ಕಪ್ಪು ಮಣ್ಣು | ಎರೆ ಮಣ್ಣು, ರೆಗೂರ್ ಮಣ್ಣು ಎಂದು ಬರೆದಿದ್ದರೂ ಪೂರ್ಣ ಅಂಕ. ಮನೆಯಲ್ಲಿ ಎರೆ ಎನ್ನುವ ಮಕ್ಕಳು ಹಾಗೆಯೇ ಬರೆಯುತ್ತಾರೆ. |
| 16 | ತುಂಗಾ ಮತ್ತು ಭದ್ರಾ ನದಿಗಳು ಸೇರುವ ಸ್ಥಳ | ಈ | ಈ) ಕೂಡಲಿ | 'ಕೂಡ್ಲಿ' ಸರಿ. 'ಕೂಡಲಸಂಗಮ' ಬೇರೆ ಊರು, ಅಲ್ಲಿ ಸೇರುವುದು ಕೃಷ್ಣಾ ಮತ್ತು ಮಲಪ್ರಭಾ. ಆಯ್ಕೆಗಳಲ್ಲಿ ಎರಡೂ ಇರುವುದರಿಂದ ಗಮನವಿಟ್ಟು ಓದಿ. |
| 17 | ಭಾರತೀಯ ರಿಸರ್ವ್ ಬ್ಯಾಂಕ್ ಸ್ಥಾಪನೆಯಾದ ವರ್ಷ | ಇ | ಇ) 1935 | 1949 ರಾಷ್ಟ್ರೀಕರಣದ ವರ್ಷ, ಅಂಕ ಇಲ್ಲ. |
| 18 | ಗ್ರಾಹಕ ಸಂರಕ್ಷಣಾ ಕಾಯ್ದೆ ಅಂಗೀಕಾರವಾದ ವರ್ಷ | ಆ | ಆ) 1986 ಅಥವಾ ಈ) 2019 | ಎರಡಕ್ಕೂ ಅಂಕ. ಕೆಳಗಿನ ಟಿಪ್ಪಣಿ ನೋಡಿ. |
| 19 | ವಿಶ್ವ ಗ್ರಾಹಕರ ದಿನ | ಈ | ಅ) ಮಾರ್ಚ್ 15 | ಕೀ ಉತ್ತರದಲ್ಲಿ ತಪ್ಪಿದೆ. ಕೆಳಗಿನ ಟಿಪ್ಪಣಿ ನೋಡಿ. |
| 20 | ಜಿಎಸ್‌ಟಿ ಜಾರಿಗೆ ಬಂದ ದಿನ | ಇ | ಇ) 2017 ಜುಲೈ 1 | |

6ನೇ ಪ್ರಶ್ನೆ. ಕೈಬರಹದಲ್ಲಿ 'ಅ'ಗೂ 'ಆ'ಗೂ ಬಲಗಡೆಯ ಸುರುಳಿಯೊಂದೇ ವ್ಯತ್ಯಾಸ. ಈ ಮನೆಯಲ್ಲಿ ಆ ಸುರುಳಿ ಚೌಕದ ಗೆರೆಯ ಮೇಲೆಯೇ ಬಂದಿದೆ. ಚಿತ್ರ ಎಷ್ಟು ದೊಡ್ಡದು ಮಾಡಿದರೂ ಅದು ಅಕ್ಷರದ ಬಾಲವೋ ಗೆರೆಯೋ ತಿಳಿಯುವುದಿಲ್ಲ. ಹಾಗಾಗಿ ಉತ್ತರದಿಂದಲೇ ತೀರ್ಮಾನಿಸಿದೆ. 'ಅ' ಮಂಗಳೂರು ಒಪ್ಪಂದ, ಅದು 1784ರದು, ಎರಡನೇ ಯುದ್ಧಕ್ಕೆ ಸೇರಿದ್ದು. ಮೂರನೇ ಯುದ್ಧ ಮುಗಿದದ್ದು 1792ರ ಶ್ರೀರಂಗಪಟ್ಟಣ ಒಪ್ಪಂದದಿಂದ. ಉಳಿದ ಮನೆಗಳ ಎಲ್ಲ 'ಅ' ಮತ್ತು 'ಆ'ಗಳನ್ನೂ ಇದೇ ಅನುಮಾನದಿಂದ ಎರಡೆರಡು ಸಲ ನೋಡಿದ್ದೇನೆ, ಅವು ಸ್ಪಷ್ಟವಾಗಿವೆ.

14ನೇ ಪ್ರಶ್ನೆ. ಫ್ಲಾಷ್ ಬೆಳಕು ಈ ಮನೆಯ ಮೇಲೆಯೇ ಬಿದ್ದಿದೆ. ಊಹೆಯಿಂದ ತುಂಬಿಸಿಲ್ಲ. ಮೂಲ ಹಾಳೆ ಮೇಡಂ ಬಳಿ ಇದೆ, ಅದರಲ್ಲಿ 'ಆ' ಎಂದೇ ಇರುವುದಾಗಿ ಫೋನಿನಲ್ಲಿ ಓದಿ ಹೇಳಿದರು.

18ನೇ ಪ್ರಶ್ನೆ. ಫೋಟೊದಲ್ಲಿ 1986 ಮಾತ್ರ. ಆದರೆ ಆಯ್ಕೆಗಳಲ್ಲಿ 2019 ಕೂಡ ಇದೆ, 1986ರ ಕಾಯ್ದೆಯ ಜಾಗಕ್ಕೆ ಬಂದ ಹೊಸ ಕಾಯ್ದೆಯ ಹೆಸರೂ ಗ್ರಾಹಕ ಸಂರಕ್ಷಣಾ ಕಾಯ್ದೆಯೇ. ಪ್ರಶ್ನೆಯಲ್ಲಿ 'ಮೊದಲ' ಎಂಬ ಪದವಿಲ್ಲ. ಹೊಸ ಕಾಯ್ದೆಯನ್ನು ಓದಿ ತಿಳಿದುಕೊಂಡ ಮಗು 2019 ಎಂದು ಬರೆದರೆ ಅದನ್ನು ತಪ್ಪೆನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಮೇಡಂ ಕೂಡ ಎರಡಕ್ಕೂ ಅಂಕ ಕೊಡಲು ಒಪ್ಪಿದ್ದಾರೆ. 2020 ಎಂದು ಬರೆದವರು ಇದ್ದರೆ ನನಗೆ ತಿಳಿಸಿ. ಹೊಸ ಕಾಯ್ದೆ ಜಾರಿಗೆ ಬಂದದ್ದು ಆ ವರ್ಷ, ಆದರೆ ಇಲ್ಲಿ ಕೇಳಿರುವುದು ಅಂಗೀಕಾರದ ವರ್ಷ, ಆಯ್ಕೆಯಲ್ಲೂ ಅದಿಲ್ಲ. ಅಂಕ ಬರುವುದಿಲ್ಲ.

19ನೇ ಪ್ರಶ್ನೆ. ಇದು ಓದುವಾಗ ಆದ ತಪ್ಪಲ್ಲ, 'ಈ' ಎಂದು ಸ್ಪಷ್ಟವಾಗಿಯೇ ಬರೆದಿದೆ. 'ಈ' ಅಂದರೆ ಡಿಸೆಂಬರ್ 24, ಅದು ನಮ್ಮ ರಾಷ್ಟ್ರೀಯ ಗ್ರಾಹಕರ ದಿನ. ಪ್ರಶ್ನೆ ಕೇಳಿರುವುದು ವಿಶ್ವ ಗ್ರಾಹಕರ ದಿನವನ್ನು, ಅದು ಮಾರ್ಚ್ 15. ಕೀ ಬರೆಯುವಾಗ ಎರಡು ದಿನಗಳು ಅದಲು ಬದಲಾಗಿವೆ. ನಾನೊಬ್ಬನೇ ಬದಲಿಸಿದರೆ ಸರಿಯಾಗದೆಂದು ಮೇಡಂ ಅವರಿಗೆ ಮೊದಲು ಹೇಳಿದ್ದು ಇದನ್ನೇ. ಅವರು ಪಠ್ಯಪುಸ್ತಕ ತೆಗೆದು ನೋಡಿ 'ಅ' ಎಂದು ತಿದ್ದಿಸಿದರು. ಫೋಟೊದಲ್ಲಿದ್ದ ಅಕ್ಷರವನ್ನು ಪಟ್ಟಿಯಲ್ಲಿ ಹಾಗೇ ಉಳಿಸಿದ್ದೇನೆ. ನಾಳೆ ಯಾರಾದರೂ ಫೋಟೊ ಹಿಡಿದುಕೊಂಡು ಬಂದು ಕೇಳಿದರೆ ಎಲ್ಲಿ, ಯಾಕೆ ಬದಲಾಯಿತು ಎಂದು ತೋರಿಸಲು ಬೇಕು. ಈಗಾಗಲೇ ತಿದ್ದಿರುವ ಎಲ್ಲ ಪತ್ರಿಕೆಗಳಲ್ಲೂ, ಕಂಬಸಾಲಿನಲ್ಲೇ ಓದಿ ತಿದ್ದಿದವರೂ ಸೇರಿ, ಈ ಪ್ರಶ್ನೆಯನ್ನು ಇನ್ನೊಮ್ಮೆ ನೋಡಲೇಬೇಕು. ಡಿಸೆಂಬರ್ 24ಕ್ಕೆ ಕೊಟ್ಟ ಅಂಕ ತೆಗೆಯಿರಿ, ಮಾರ್ಚ್ 15ಕ್ಕೆ ಅಂಕ ಸೇರಿಸಿ.

ಪಟ್ಟಿಯನ್ನು ಕೈಯಲ್ಲಿ ನಕಲು ಮಾಡಿಕೊಳ್ಳುವವರು ಕೊನೆಯಲ್ಲಿ ಎಣಿಸಿ ನೋಡಿಕೊಳ್ಳಿ. 18ಕ್ಕೆ 'ಆ' ಎಂದೇ ಹಿಡಿದರೆ ಅ 5, ಆ 6, ಇ 6, ಈ 3, ಒಟ್ಟು 20 ಬರಬೇಕು. ಹೊಂದದಿದ್ದರೆ ನಕಲಿನಲ್ಲಿ ಎಲ್ಲೋ ಸಾಲು ತಪ್ಪಿದೆ ಎಂದು ಅರ್ಥ.

ಅಂಕಪಟ್ಟಿ ಶನಿವಾರ ಮಧ್ಯಾಹ್ನದೊಳಗೆ ಬಂದರೆ ಸಾಕು. 18ಕ್ಕೆ 2019 ಎಂದು ಎಷ್ಟು ಮಕ್ಕಳು ಬರೆದಿದ್ದಾರೆ, 16ಕ್ಕೆ ಎಷ್ಟು ಮಕ್ಕಳು ಕೂಡಲಸಂಗಮ ಎಂದಿದ್ದಾರೆ ಎಂಬ ಲೆಕ್ಕವನ್ನು ಅದರ ಕೆಳಗೇ ಬರೆದು ಕಳಿಸಿ. ಸೋಮವಾರ ನಕ್ಷೆ ಹಿಡಿದು ಆ ಎರಡು ಸಂಗಮಗಳನ್ನು ತರಗತಿಯಲ್ಲಿ ಮತ್ತೆ ತೋರಿಸಬೇಕಿದೆ.