ಚರ್ಚೆ: ಸೋಡಿಯಂ ವೇವ್‌ಲೆಂತ್ 589.3 ಬರಬೇಕಿತ್ತು, 598.9 ಯಾಕೆ ಬಂತು

ಲ್ಯಾಬಲ್ಲಿ ಸ್ಪೆಕ್ಟ್ರೋಮೀಟರ್ ಮೇಲೆ ಗ್ರೇಟಿಂಗ್, ಅಂದ್ರೆ ಒತ್ತೊತ್ತಾಗಿ ಸಮ ಅಂತರದ ಗೆರೆಗಳಿರೋ ಗಾಜು ಇಟ್ಟು, ಸೋಡಿಯಂ ಲ್ಯಾಂಪ್ ಬೆಳಕು ಎಷ್ಟು ಕೋನಕ್ಕೆ ತಿರುಗತ್ತೆ ಅಂತ ಓದಿ ಅದರ ವೇವ್‌ಲೆಂತ್ ಕಂಡುಹಿಡಿಯೋ ಪ್ರಯೋಗ ಇದು. ಲೆಕ್ಕ ಹಾಕಿದ್ಮೇಲೆ ಫಸ್ಟ್ ಆರ್ಡರ್‌ನಲ್ಲಿ 599.0 ನ್ಯಾನೋಮೀಟರ್, ಸೆಕೆಂಡ್ ಆರ್ಡರ್‌ನಲ್ಲಿ 598.9 ಬಂತು, ಎರಡರ ಸರಾಸರಿ 598.9. ಸೋಡಿಯಂನ ಎರಡು ಹಳದಿ ಗೆರೆಗಳು 589.0 ಮತ್ತು 589.6ರಲ್ಲಿವೆ, ಪುಸ್ತಕದಲ್ಲಿ ಕೊಡೋ ಸರಾಸರಿ 589.3. ಅಂದ್ರೆ ನಮ್ದು 9.6 ನ್ಯಾನೋಮೀಟರ್ ಜಾಸ್ತಿ, 1.6 ಪರ್ಸೆಂಟ್. ಲ್ಯಾಬಲ್ಲಿ 1.6 ಪರ್ಸೆಂಟ್ ಅಂದ್ರೆ "ಹ್ಯೂಮನ್ ಎರರ್" ಅಂತ ಒಂದು ಸಾಲು ಬರೆದು ಸಹಿ ಹಾಕಿಸ್ಕೊಂಡು ಹೋಗೋದು ವಾಡಿಕೆ, ಆದ್ರೆ ಈ ರೀಡಿಂಗ್‌ಗಳನ್ನ ನೋಡಿದ್ರೆ ಹಾಗೆ ಬಿಟ್ಟುಬಿಡೋಕೆ ಮನಸ್ಸು ಬರಲ್ಲ, ಯಾಕಂದ್ರೆ ಎರಡು ಆರ್ಡರ್‌ನ ಉತ್ತರಗಳು ಒಂದಕ್ಕೊಂದು ಇಷ್ಟು ಚೆನ್ನಾಗಿ ಹೊಂದ್ತಿವೆ, ಪುಸ್ತಕದ ಬೆಲೆಗೆ ಮಾತ್ರ ಎರಡೂ ಹೊಂದ್ತಿಲ್ಲ. ಕೈ ತಪ್ಪಿದ್ರೆ ಉತ್ತರಗಳು ಚೆದುರಬೇಕಿತ್ತು, ಇಲ್ಲಿ ಎರಡೂ ಒಂದೇ ಕಡೆಗೆ ಒಂದೇ ಅಳತೆಯಲ್ಲಿ ಸರಿದಿವೆ.

ಮೊದಲು ರೀಡಿಂಗ್‌ನಿಂದ ಎಷ್ಟು ತಪ್ಪು ಬರೋಕೆ ಸಾಧ್ಯ ಅಂತ ನೋಡೋಣ. ನಮ್ಮ ಸ್ಪೆಕ್ಟ್ರೋಮೀಟರ್‌ನ ಲೀಸ್ಟ್ ಕೌಂಟ್ 1 ಮಿನಿಟ್. ಕೋನದಲ್ಲಿ 1 ಮಿನಿಟ್ ತಪ್ಪಿದ್ರೆ ಫಸ್ಟ್ ಆರ್ಡರ್‌ನಲ್ಲಿ ವೇವ್‌ಲೆಂತ್ ಸುಮಾರು 0.46 ನ್ಯಾನೋಮೀಟರ್ ಅಲ್ಲಾಡತ್ತೆ, ಸೆಕೆಂಡ್ ಆರ್ಡರ್‌ನಲ್ಲಿ ಬರೀ 0.17. ಗ್ರೇಟಿಂಗ್ ಮೇಲೆ ಬರೆದಿರೋ 15000 LPI, ಅಂದ್ರೆ ಇಂಚಿಗೆ 15000 ಗೆರೆ ಅನ್ನೋದು ನಿಜ ಆಗಿದ್ರೆ ಕೋನಗಳು 20°22′ ಮತ್ತು 44°6′ ಬರಬೇಕಿತ್ತು, ನಮಗೆ ಬಂದಿದ್ದು 20°43′ ಮತ್ತು 45°1′. ಒಂದರಲ್ಲಿ 21 ಮಿನಿಟ್, ಇನ್ನೊಂದರಲ್ಲಿ 55 ಮಿನಿಟ್ ವ್ಯತ್ಯಾಸ, ಒಂದು ಮಿನಿಟ್ ಓದಬಲ್ಲ ವರ್ನಿಯರ್ ಇಟ್ಕೊಂಡು ಇಷ್ಟು ತಪ್ಪು ಓದೋಕಾಗಲ್ಲ.

ಎಲ್ರೂ ಮೊದಲು ಬೊಟ್ಟು ಮಾಡೋದು ನಾರ್ಮಲ್ ಇನ್ಸಿಡೆನ್ಸ್ ಮೇಲೆ, ಅಂದ್ರೆ ಬೆಳಕು ಗ್ರೇಟಿಂಗ್ ಮೇಲೆ ನೇರವಾಗಿ ಬೀಳಲಿಲ್ಲ ಅಂತ, ಅದನ್ನ ಇಲ್ಲಿ ಸರಿಯಾಗಿ ಪರೀಕ್ಷೆ ಮಾಡಬೇಕು. ಸೆಟ್ಟಿಂಗ್ ಮಾಡೋದು ಎಲ್ರಿಗೂ ಗೊತ್ತು, ಟೆಲಿಸ್ಕೋಪನ್ನ ಡೈರೆಕ್ಟ್ ಇಮೇಜ್‌ನಿಂದ 90 ಡಿಗ್ರಿ ತಿರುಗಿಸಿ ಕ್ಲ್ಯಾಂಪ್ ಮಾಡಿ, ಗ್ರೇಟಿಂಗ್ ಮೇಲಿಂದ ಪ್ರತಿಫಲಿಸಿದ ಸ್ಲಿಟ್‌ನ ಇಮೇಜ್ ಕ್ರಾಸ್‌ವೈರ್‌ಗೆ ಬರೋವರೆಗೂ ಪ್ರಿಸಂ ಟೇಬಲ್ ತಿರುಗಿಸಿ, ಅಲ್ಲಿಂದ 45 ಡಿಗ್ರಿ ವಾಪಸ್ ತಿರುಗಿಸೋದು. ಕಷ್ಟ ಎಲ್ಲಿ ಅಂದ್ರೆ ಆ ಪ್ರತಿಫಲಿಸಿದ ಇಮೇಜ್ ಮಂಕಾಗಿರತ್ತೆ, ಪಕ್ಕದಲ್ಲೇ ಗಾಜಿನ ಹಿಂಬದಿಯಿಂದ ಬಂದಿರೋ ಇನ್ನೊಂದು ತೆಳ್ಳನೆ ಗೆರೆ ಕಾಣತ್ತೆ, ಗಾಜಿನ ಎರಡು ಮುಖ ಸ್ವಲ್ಪ ಓರೆಯಾಗಿದ್ರೆ ಈ ಎರಡು ಗೆರೆ ಬೇರೆಬೇರೆ ಜಾಗದಲ್ಲಿ ನಿಲ್ಲತ್ವೆ, ಯಾವುದನ್ನ ಹಿಡೀಬೇಕು ಅನ್ನೋದ್ರಲ್ಲೇ ಸುಮಾರು ಮಿನಿಟ್‌ಗಳು ಆಚೀಚೆ ಆಗಬಹುದು. ನಮ್ಮ ರೀಡಿಂಗ್‌ನಲ್ಲಿ ಅದರ ಗುರುತು ಇದ್ದೇ ಇದೆ. ಫಸ್ಟ್ ಆರ್ಡರ್‌ನಲ್ಲಿ ಎಡಗಡೆ 20°41′, ಬಲಗಡೆ 20°45′, ಸೆಕೆಂಡ್ ಆರ್ಡರ್‌ನಲ್ಲಿ ಎಡಗಡೆ 44°50′, ಬಲಗಡೆ 45°12′. ಬೆಳಕು ಪೂರ್ತಿ ನೇರ ಬಿದ್ದಿದ್ರೆ ಎರಡು ಕಡೆ ಸಮ ಇರಬೇಕಿತ್ತು. 4 ಮತ್ತು 22 ಮಿನಿಟ್‌ನ ಈ ವ್ಯತ್ಯಾಸದಿಂದ ಓರೆ ಎಷ್ಟು ಅಂತ ಲೆಕ್ಕ ಹಾಕಿದ್ರೆ ಎರಡು ಆರ್ಡರ್‌ನಿಂದಲೂ ಅರ್ಧ ಡಿಗ್ರಿಯ ಆಸುಪಾಸು ಬರತ್ತೆ, ಸೆಕೆಂಡ್ ಆರ್ಡರ್‌ನದನ್ನ ನಂಬಿದ್ರೆ ಸುಮಾರು 27 ಮಿನಿಟ್. ಓರೆ ಇರೋದು ನಿಜ ಅಂತಾಯ್ತು.

ಆದ್ರೆ ಆ ಓರೆಯಿಂದ 9.6 ನ್ಯಾನೋಮೀಟರ್ ಬರಲ್ಲ. ಓರೆ ಇದ್ದಾಗ ಒಂದು ಕಡೆ ಕೋನ ಎಷ್ಟು ಹೆಚ್ಚಾಗತ್ತೋ ಇನ್ನೊಂದು ಕಡೆ ಹೆಚ್ಚುಕಮ್ಮಿ ಅಷ್ಟೇ ಕಡಿಮೆ ಆಗತ್ತೆ, ಎರಡರ ಸರಾಸರಿ ತಗೊಂಡ ತಕ್ಷಣ ಮುಖ್ಯ ಭಾಗ ಹೊಡೆದುಹೋಗತ್ತೆ, ಉಳಿಯೋದು ಓರೆಯ ವರ್ಗಕ್ಕೆ ತಕ್ಕ ಹಾಗೆ ಬರೋ ಚಿಕ್ಕ ಭಾಗ, 27 ಮಿನಿಟ್‌ಗೆ ಅದು ಸೆಕೆಂಡ್ ಆರ್ಡರ್‌ನಲ್ಲೂ 0.04 ನ್ಯಾನೋಮೀಟರ್ ಅಷ್ಟೇ. 1.6 ಪರ್ಸೆಂಟ್ ಬರಬೇಕು ಅಂದ್ರೆ ಗ್ರೇಟಿಂಗ್ 7 ಡಿಗ್ರಿಗಿಂತ ಹೆಚ್ಚು ತಿರುಗಿರಬೇಕಿತ್ತು, ಆಗ ಸೆಕೆಂಡ್ ಆರ್ಡರ್‌ನಲ್ಲಿ ಎಡ ಬಲದ ಮಧ್ಯೆ ಸುಮಾರು 6 ಡಿಗ್ರಿ ವ್ಯತ್ಯಾಸ ಬರೋದು, ಅದು ಬರಿಗಣ್ಣಿಗೇ ಗೊತ್ತಾಗತ್ತೆ. ಹಂಗಂತ ಎರಡು ಕಡೆ ಓದೋದು ಸುಮ್ನೆ ಶಾಸ್ತ್ರಕ್ಕೆ ಅಂತ ಅಂದ್ಕೋಬಾರ್ದು. ಸೆಕೆಂಡ್ ಆರ್ಡರ್‌ನಲ್ಲಿ ಬರೀ ಬಲಗಡೆ ಓದಿ ಬಿಟ್ಟಿದ್ರೆ 600.8 ಬರೋದು, ಬರೀ ಎಡಗಡೆ ಓದಿದ್ರೆ 596.9, ಇದೇ ಗ್ರೇಟಿಂಗ್, ಇದೇ ಲ್ಯಾಂಪ್, ಇದೇ ಸೆಟ್ಟಿಂಗ್‌ನಲ್ಲಿ.

ಉಳಿದ ಅನುಮಾನಗಳನ್ನ ಬೇಗ ಮುಗಿಸಬಹುದು. ಮೇನ್ ಸ್ಕೇಲ್‌ನಲ್ಲಿ ಅರ್ಧ ಡಿಗ್ರಿ ಗೆರೆ ಬಿಟ್ಟು ಓದಿರಬಹುದಾ ಅಂದ್ರೆ, ಹಾಗಾಗಿದ್ರೆ ಎರಡು ವರ್ನಿಯರ್ ರೀಡಿಂಗ್‌ಗಳ ಮಧ್ಯೆ 180 ಡಿಗ್ರಿ ಬರದೆ 30 ಮಿನಿಟ್ ಏರುಪೇರು ಕಾಣಬೇಕಿತ್ತು, ನಮ್ಮ ಟೇಬಲ್‌ನಲ್ಲಿ ಎಲ್ಲಾ ಸಾಲಲ್ಲೂ 2 ಮಿನಿಟ್ ಒಳಗೇ ಇದೆ. ಸೋಡಿಯಂನ ಎರಡು ಗೆರೆಯಲ್ಲಿ ಯಾವುದೋ ಒಂದರ ಮೇಲೆ ಕ್ರಾಸ್‌ವೈರ್ ಇಟ್ಟಿದ್ರೂ ಹೆಚ್ಚಂದ್ರೆ 0.3 ನ್ಯಾನೋಮೀಟರ್ ಹೋಗೋದು. ಸೆಕೆಂಡ್ ಆರ್ಡರ್‌ನಲ್ಲಿ ಸ್ಲಿಟ್ ಸಣ್ಣ ಮಾಡಿದಾಗ ಅವೆರಡೂ ಸುಮಾರು ಮೂರೂವರೆ ಮಿನಿಟ್ ಅಂತರದಲ್ಲಿ ಬೇರೆಬೇರೆಯಾಗಿ ಕಂಡ್ವು, ಕ್ರಾಸ್‌ವೈರ್ ಮಧ್ಯಕ್ಕೇ ಇಟ್ಟಿದ್ದು. ಗಾಜು ಬಿಸಿಗೆ ಹಿಗ್ಗೋದು 10 ಡಿಗ್ರಿ ಸೆಲ್ಸಿಯಸ್‌ಗೆ ಶೇಕಡಾ ನೂರನೇ ಒಂದು ಭಾಗದಷ್ಟೂ ಇಲ್ಲ. ಗಾಳಿ, ನಿರ್ವಾತ ಅನ್ನೋ ವ್ಯತ್ಯಾಸ 0.16 ನ್ಯಾನೋಮೀಟರ್, ಅದೂ ಪುಸ್ತಕದ 589.0 ಮತ್ತು 589.6 ಗಾಳಿಯಲ್ಲಿನ ಬೆಲೆಗಳೇ ಆದ್ದರಿಂದ ಆ ಮಾತೇ ಬರಲ್ಲ.

ಈಗ ನಿಜವಾದ ಸುಳಿವಿಗೆ ಬರೋಣ. ಸೂತ್ರ d sinθ = nλ, ಇದರಲ್ಲಿ d ಅಂದ್ರೆ ಗ್ರೇಟಿಂಗ್‌ನ ಅಕ್ಕಪಕ್ಕದ ಗೆರೆಗಳ ಅಂತರ, θ ಕೋನ, n ಆರ್ಡರ್, λ ವೇವ್‌ಲೆಂತ್. ಒಂದೇ ಬೆಳಕು, ಒಂದೇ ಗ್ರೇಟಿಂಗ್ ಆದ್ರೆ ಸೆಕೆಂಡ್ ಆರ್ಡರ್‌ನ sinθನ ಫಸ್ಟ್ ಆರ್ಡರ್‌ನದರಿಂದ ಭಾಗಿಸಿದ್ರೆ 2 ಬರಬೇಕು, ಇದರಲ್ಲಿ d ಎಷ್ಟು ಅನ್ನೋದೂ ಬೇಡ, λ ಎಷ್ಟು ಅನ್ನೋದೂ ಬೇಡ, ಬರೀ ಕೋನ ಸರಿ ಇದ್ಯಾ ಅನ್ನೋದು ಮಾತ್ರ ಗೊತ್ತಾಗತ್ತೆ. ನಮ್ಮ ರೀಡಿಂಗ್‌ನಿಂದ 0.70731 ಭಾಗಿಸು 0.35374, ಅಂದ್ರೆ 1.9995. ವರ್ನಿಯರ್ ಅನಿಶ್ಚಿತತೆಯಿಂದ ಇದರಲ್ಲಿ ಸುಮಾರು 0.002 ಆಚೀಚೆ ಆಗಬಹುದು, ಹಾಗಾಗಿ 2 ಅಂತಾನೇ ಹೇಳಬೇಕು. ಎರಡು ಆರ್ಡರ್‌ನಲ್ಲೂ ಸುಮ್ನೆ 21 ಮಿನಿಟ್ ಜಾಸ್ತಿ ಓದಿದ್ದಾಗಿದ್ರೆ ಈ ಸಂಖ್ಯೆ 1.98 ಬರ್ತಿತ್ತು, ಮುಚ್ಚಿಡೋಕಾಗದಷ್ಟು ದೂರ. ಹಾಗಾಗಿ ಕೋನಗಳು ಸರಿ ಇವೆ, ಸೂತ್ರ ಸರಿ ಇದೆ, ಸೋಡಿಯಂ ಬದಲಾಗಲ್ಲ, ಇನ್ನುಳಿದಿದ್ದು d ಒಂದೇ. ಅದನ್ನ ನಾವು ಅಳೆದೇ ಇರಲಿಲ್ಲ, ಗ್ರೇಟಿಂಗ್ ಅಂಚಿನ ಲೇಬಲ್ ನೋಡಿ 2.54 ಸೆಂಟಿಮೀಟರನ್ನ 15000ದಿಂದ ಭಾಗಿಸಿ 1693.3 ನ್ಯಾನೋಮೀಟರ್ ಅಂತ ತಗೊಂಡಿದ್ದು, ಮ್ಯಾನ್ಯುಯಲ್‌ನಲ್ಲಿರೋ ವಿಧಾನ ಅದೇ.

ಅದಕ್ಕೇ ಗ್ರೇಟಿಂಗ್ ಅಲ್ಲಾಡಿಸದೆ ಸೋಡಿಯಂ ಲ್ಯಾಂಪ್ ತೆಗೆದು ಮರ್ಕ್ಯುರಿ ಲ್ಯಾಂಪ್ ಇಟ್ಟು ಫಸ್ಟ್ ಆರ್ಡರ್‌ನಲ್ಲಿ ಹಸಿರು ಮತ್ತು ನೀಲಿ ಗೆರೆ ಓದಿದ್ವಿ. ಹಸಿರಿಗೆ 19°8′, ನೀಲಿಗೆ 15°9′. ಲೇಬಲ್ ನಂಬಿ ಲೆಕ್ಕ ಹಾಕಿದ್ರೆ 555.0 ಮತ್ತು 442.5 ಬರತ್ತೆ, ಪುಸ್ತಕದಲ್ಲಿ ಇರೋದು 546.1 ಮತ್ತು 435.8. ಮತ್ತೆ 1.6 ಪರ್ಸೆಂಟ್, 1.5 ಪರ್ಸೆಂಟ್, ಮತ್ತೆ ಅದೇ ದಿಕ್ಕು. ಬೇರೆ ಲ್ಯಾಂಪ್, ಬೇರೆ ಬಣ್ಣ, ಬೇರೆ ಕೋನ, ಆದ್ರೂ ಅದೇ ಪ್ರಮಾಣದ ತಪ್ಪು, ಇದಾದ್ಮೇಲೆ ಸಂಶಯ ಉಳಿಯಲ್ಲ. ಪುಸ್ತಕದ ಬೆಲೆ ಇಟ್ಕೊಂಡು d ಕಂಡುಹಿಡಿದ್ರೆ ಹಸಿರಿನಿಂದ 1666.1, ನೀಲಿಯಿಂದ 1667.5, ಸರಾಸರಿ 1666.8 ನ್ಯಾನೋಮೀಟರ್, ಅನಿಶ್ಚಿತತೆ ಸುಮಾರು 1.1. ಲೇಬಲ್‌ನ 1693.3 ಇದರ ಹತ್ತಿರಕ್ಕೂ ಸುಳಿಯಲ್ಲ.

ಈ 1666.8 ಅನ್ನೋದನ್ನ ಮಿಲಿಮೀಟರ್ ಲೆಕ್ಕಕ್ಕೆ ತಂದ್ರೆ 599.95 ಗೆರೆ, ಅಂದ್ರೆ 600. ಒಂದು ಮಿಲಿಮೀಟರ್‌ಗೆ 600 ಗೆರೆಯ ಗ್ರೇಟಿಂಗ್ ತುಂಬಾ ಸಾಮಾನ್ಯವಾಗಿ ತಯಾರಾಗೋದು, ಅದನ್ನ ಇಂಚಿಗೆ ಬದಲಾಯಿಸಿದ್ರೆ 600 ಗುಣಿಸು 25.4, ಅಂದ್ರೆ 15240. ಮಿಲಿಮೀಟರ್ ಲೆಕ್ಕದಲ್ಲಿ ಮಾಡಿದ ಗ್ರೇಟಿಂಗ್‌ಗೆ ಇಂಚಿನ ಹೆಸರು ಕೊಡುವಾಗ 15240ನ ದುಂಡು ಮಾಡಿ 15000 ಅಂತ ಬರೆದಿರಬೇಕು ಅನ್ನೋದು ನಮ್ಮ ಊಹೆ. 15240ನ 15000ದಿಂದ ಭಾಗಿಸಿದ್ರೆ 1.016, ನಮಗೆ ಬಂದ ತಪ್ಪು ಅಷ್ಟೇ. ರೆಪ್ಲಿಕಾ ಗ್ರೇಟಿಂಗ್‌ನ ಪದರ ಒಣಗುವಾಗ ಕುಗ್ಗಿದ್ರೂ d ಕಡಿಮೆಯಾಗಿ ಇದೇ ದಿಕ್ಕಿನ ತಪ್ಪು ಬರತ್ತೆ, ಅದನ್ನ ಪೂರ್ತಿ ತಳ್ಳಿಹಾಕಕ್ಕಾಗಲ್ಲ, ಆದ್ರೆ ಕುಗ್ಗಿದ ಪದರ ಸರಿಯಾಗಿ 600ಕ್ಕೇ ಬಂದು ನಿಲ್ಲೋದು ನಂಬೋಕೆ ಕಷ್ಟ.

ಹೊಸ d ಹಾಕಿ ಸೋಡಿಯಂ ಲೆಕ್ಕ ಮತ್ತೆ ಮಾಡಿದ್ರೆ ಫಸ್ಟ್ ಆರ್ಡರ್‌ನಿಂದ 589.6, ಸೆಕೆಂಡ್‌ನಿಂದ 589.5, ಒಟ್ಟಾರೆ 589.5 ± 0.5 ನ್ಯಾನೋಮೀಟರ್, 589.3 ಇದರೊಳಗೇ ಬರತ್ತೆ. ಆದ್ರೆ ಇಲ್ಲಿ ಒಂದು ವಿಷಯ ಬಿಡಿಸಿ ಹೇಳಲೇಬೇಕು: ಈಗ ಇದು ಸೋಡಿಯಂ ವೇವ್‌ಲೆಂತ್‌ನ ಸ್ವತಂತ್ರವಾಗಿ ಅಳೆದಿದ್ದು ಅಲ್ಲ, ಮರ್ಕ್ಯುರಿ ಜೊತೆ ಹೋಲಿಸಿ ಹೇಳಿದ್ದು. ಮರ್ಕ್ಯುರಿಯ ಬೆಲೆ ನಂಬಿದ್ದಕ್ಕೇ ಸೋಡಿಯಂನದು ಸರಿ ಬಂತು. ಅದಕ್ಕೇ ರೆಕಾರ್ಡ್‌ನಲ್ಲಿ 598.9ನ್ನ ಅಳಿಸಿಲ್ಲ, ಲೇಬಲ್‌ನ d ಇಟ್ಟು ಬಂದ ಬೆಲೆ ಅಂತ ಅದನ್ನೂ, ಮರ್ಕ್ಯುರಿಯಿಂದ ತಿದ್ದಿದ d ಇಟ್ಟು ಬಂದ ಬೆಲೆ ಅಂತ 589.5ನ್ನೂ ಬೇರೆಬೇರೆ ಸಾಲಲ್ಲಿ ಬರೆದಿದ್ದೀವಿ. ಉತ್ತರ 5893 ಆಂಗ್‌ಸ್ಟ್ರಾಮ್ ಅಂತ ಮೊದಲೇ ಗೊತ್ತಿರೋದ್ರಿಂದ ಕೋನವನ್ನ ಹಿಂದಿನಿಂದ ಲೆಕ್ಕ ಹಾಕಿ ಬರೆಯೋದು ಸುಲಭ, ಹಾಗೆ ಮಾಡಿದ್ರೆ ಈ ಗ್ರೇಟಿಂಗ್‌ನ ವಿಷಯ ಯಾವತ್ತೂ ಹೊರಗೆ ಬರ್ತಿರಲಿಲ್ಲ.

ಆ ಯೂನಿಟ್‌ಗೆ ಯಾರ ಹೆಸರಿದೆಯೋ ಆ ಆಂಗ್‌ಸ್ಟ್ರಾಮ್ ಅವರಿಗೇ ಇದೇ ಜಾತಿಯ ತೊಂದರೆ ಆಗಿತ್ತು. 1868ರಲ್ಲಿ ಅವರು ಪ್ರಕಟಿಸಿದ ಸೌರ ರೋಹಿತದ ವೇವ್‌ಲೆಂತ್‌ಗಳಲ್ಲಿ ಏಳೆಂಟು ಸಾವಿರಕ್ಕೆ ಒಂದು ಪಾಲಿನಷ್ಟು ತಪ್ಪಿತ್ತು, ಕಾರಣ ಕೋನ ಓದಿದ್ದಲ್ಲ, ಗ್ರೇಟಿಂಗ್‌ನ ಹೋಲಿಸಿ ನೋಡಿದ ಮೀಟರ್ ಅಳತೆಗೋಲೇ ಚೂರು ಗಿಡ್ಡ ಇತ್ತು. ಅವರ ಕೋನಗಳು ನಮ್ಮವಕ್ಕಿಂತ ಎಷ್ಟೋ ಪಾಲು ನಿಖರ, ಆದ್ರೂ ಉದ್ದದ ಅಳತೆ ಎಲ್ಲಿಂದ ಬರತ್ತೋ ಅಲ್ಲಿನ ತಪ್ಪು ಹಾಗೇ ಉತ್ತರಕ್ಕೆ ದಾಟತ್ತೆ, ಎಷ್ಟು ಸಲ ಓದಿ ಸರಾಸರಿ ತಗೊಂಡ್ರೂ ಹೋಗಲ್ಲ.

ಈಗ ಉಳಿದಿರೋ ±0.5ರಲ್ಲಿ ದೊಡ್ಡ ಪಾಲು d ಕಡೆಯಿಂದಲೇ ಬರ್ತಿದೆ, ಯಾಕಂದ್ರೆ ಮರ್ಕ್ಯುರಿಯನ್ನ ಚಿಕ್ಕ ಕೋನದಲ್ಲಿ ಓದಿದ್ದು. ನೀಲಿ ಗೆರೆ ಥರ್ಡ್ ಆರ್ಡರ್‌ನಲ್ಲಿ 51°40′ ಹತ್ತಿರ ಸಿಗಬೇಕು, ಬೆಳಕು ಮಂಕಾಗಿರತ್ತೆ, ಲ್ಯಾಬಿನ ಲೈಟೆಲ್ಲಾ ಆರಿಸಿ ಸ್ಲಿಟ್ ಸ್ವಲ್ಪ ಅಗಲ ಮಾಡಬೇಕಾಗಬಹುದು, ಆದ್ರೆ ಸಿಕ್ಕಿದ್ರೆ dಯ ಅನಿಶ್ಚಿತತೆ 1.1ರಿಂದ 0.4ಕ್ಕೆ ಇಳಿಯತ್ತೆ. ಯಾವ ವೇವ್‌ಲೆಂತನ್ನೂ ನಂಬದೆ d ಬೇಕು ಅಂದ್ರೆ ಸ್ಟೇಜ್ ಮೈಕ್ರೋಮೀಟರ್ ಇಟ್ಟು ಮೈಕ್ರೋಸ್ಕೋಪ್‌ನಲ್ಲಿ ಗೆರೆ ಎಣಿಸಬೇಕು, 0.01 ಮಿಲಿಮೀಟರ್‌ನ ಒಂದು ಮನೆಯಲ್ಲಿ 6 ಗೆರೆ. ಟ್ರಾವೆಲಿಂಗ್ ಮೈಕ್ರೋಸ್ಕೋಪ್‌ಗೆ ಅದು ಕಾಣಲ್ಲ, 40x ಆಬ್ಜೆಕ್ಟಿವ್ ಇರೋ ಬಯಾಲಜಿ ಲ್ಯಾಬಿನ ಮೈಕ್ರೋಸ್ಕೋಪ್ ಸಾಕು. 0.1 ಮಿಲಿಮೀಟರ್ ಉದ್ದಕ್ಕೆ ಎಣಿಸಿದ್ರೆ 15000 LPI ಆದ್ರೆ 59 ಗೆರೆ, 15240 ಆದ್ರೆ 60, ಒಂದೇ ಗೆರೆಯ ವ್ಯತ್ಯಾಸ, ಹಾಗಾಗಿ ಅರ್ಧ ಮಿಲಿಮೀಟರ್ ಆದ್ರೂ ಎಣಿಸಿದ್ರೆ 295 ಮತ್ತು 300ರ ಮಧ್ಯೆ ಯಾವುದು ಅಂತ ಧೈರ್ಯವಾಗಿ ಹೇಳಬಹುದು.