ಕರಾವಳಿಯ ಅತಿಥಿಗಳಿಗೆ: ಬಾದಾಮಿಯ ನಮ್ಮ ಮನೆಯ ಇಂದಿನ ಊಟ

ಬನಶಂಕರಿಯ ಜಾತ್ರೆಗೆಂದು ಮಂಗಳೂರು, ಉಡುಪಿ ಕಡೆಯಿಂದ ಬಂದು ಇಂದು ನಮ್ಮ ಮನೆಯಲ್ಲಿ ಊಟಕ್ಕೆ ಕೂಡುತ್ತಿರುವ 14 ಮಂದಿ ಅತಿಥಿಗಳಿಗೆ ನಮಸ್ಕಾರ. ಮೊದಲೇ ತಿಳಿಸಬೇಕಾದ ಮಾತೆಂದರೆ, ಈ ಊಟದಲ್ಲಿ ಅನ್ನ ಕೊನೆಗೆ ಬರುತ್ತದೆ, ಅದೂ ಸ್ವಲ್ಪವೇ. ಹೋದ ವರ್ಷ ಕುಂದಾಪುರದ ಹಿರಿಯರೊಬ್ಬರು ಅನ್ನ ಬರಲೆಂದು ರೊಟ್ಟಿಯನ್ನು ಬದಿಗಿಟ್ಟು ಬಹಳ ಹೊತ್ತು ಕಾದರು. ಅನ್ನ ಬರುವ ವೇಳೆಗೆ ರೊಟ್ಟಿ ಆರಿತ್ತು, ಪಲ್ಯಗಳೂ ತಣ್ಣಗಾಗಿದ್ದವು. ಮುಂಚಿತವಾಗಿ ಹೇಳದಿದ್ದುದು ನಮ್ಮದೇ ತಪ್ಪಾದ್ದರಿಂದ ಈ ಟಿಪ್ಪಣಿಯನ್ನು ಬರೆದಿಟ್ಟಿದ್ದೇವೆ.

ನೀವು ಕೂಡುವ ಹೊತ್ತಿಗೆ ತಾಟಿನ ಅಂಚಿನಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಎಂಬ ಮೂರು ಒಣ ಚಟ್ನಿಪುಡಿಗಳೂ ಒಂದು ಚಿಟಿಕೆಯಷ್ಟು ರಂಜಕವೂ ಇರುತ್ತವೆ. ಪುಡಿಗಳನ್ನು ಹಾಗೆಯೇ ತಿನ್ನದೆ, ನಡುವೆ ಗುಳಿ ಮಾಡಿ ಶೇಂಗಾ ಎಣ್ಣೆಯನ್ನೋ ಗಟ್ಟಿ ಮೊಸರನ್ನೋ ಹಾಕಿಸಿಕೊಂಡು ಕಲಸಿಕೊಳ್ಳಿರಿ. ರಂಜಕವು ಹಸಿ ಕೆಂಪು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಉಪ್ಪಿನೊಡನೆ ಅರೆದು ಹುಳಿಯೇರಲು ಬಿಟ್ಟದ್ದು. ಬಂದೂಕಿನ ಮದ್ದಿನ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಬೆರಳ ತುದಿಯಿಂದ ಮುಟ್ಟಿ ನೋಡಿದರೆ ಸಾಕು. ಪಕ್ಕದಲ್ಲಿರುವ ಉಳ್ಳಾಗಡ್ಡಿ, ಸೌತೆಕಾಯಿ, ಎಳೆ ಮೆಂತ್ಯೆ ಮತ್ತು ಹಕ್ಕರಿಕಿ ಸೊಪ್ಪು ಅಲಂಕಾರಕ್ಕಿಟ್ಟವಲ್ಲ, ಪ್ರತಿ ತುತ್ತಿನ ನಡುವೆ ಹಸಿಯಾಗಿ ಕಡಿಯಲು ಇಟ್ಟವು.

ಮುಂದೆ ರೊಟ್ಟಿ. ಮಳೆ ಹಿಂದಾದ ಮೇಲೆ ಎರೆಮಣ್ಣಿನ ಹೊಲದಲ್ಲಿ ಬಿತ್ತಿ, ನೆಲದಲ್ಲಿ ಉಳಿದ ತೇವವನ್ನೇ ನೆಚ್ಚಿ ಬೆಳೆಯುವ ಹಿಂಗಾರಿಯ ಬಿಳಿಜೋಳ, ಅದರಲ್ಲೂ ಮಾಲದಂಡಿ ತಳಿ, ರೊಟ್ಟಿಗೆ ಹೇಳಿ ಮಾಡಿಸಿದ್ದು. ಜೋಳದ ಹಿಟ್ಟಿಗೆ ಗೋಧಿಯಂತೆ ಜಿಗಿ ಇರುವುದಿಲ್ಲವಾದ್ದರಿಂದ ಕುದಿಯುವ ನೀರು ಹೊಯ್ದು ನಾದಿ, ಅಂಗೈಯಿಂದ ಬಡಿಬಡಿದು ತೆಳ್ಳಗೆ ಮಾಡಬೇಕಾಗುತ್ತದೆ. ಒಳಗಿನಿಂದ ನಿಮಗೆ ಕೇಳಿಸುತ್ತಿರುವ ಪಟಪಟ ಸದ್ದು ಅದೇ. ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿ, ಆ ನೀರು ಆರುವ ಹೊತ್ತಿಗೆ ತಿರುವಿ ಹಾಕಿದರೆ ರೊಟ್ಟಿ ಬುರುಬುರನೆ ಉಬ್ಬುತ್ತದೆ. ಉಬ್ಬಿದ್ದನ್ನು ಒಂದೊಂದಾಗಿಯೇ ತಂದು ಬಡಿಸುತ್ತೇವೆ. ಪಕ್ಕದವರ ತಾಟಿಗೆ ಬರಲೆಂದು ಕಾಯದೆ, ಮೇಲೆ ಬೆಣ್ಣೆಯಿಟ್ಟು ಆಗಲೇ ಮುರಿಯಿರಿ. ಕಡಕ್ ರೊಟ್ಟಿ ಬೇಕೆನ್ನುವವರಿಗೆ ಅದೂ ಬುಟ್ಟಿಯಲ್ಲಿದೆ.

ರೊಟ್ಟಿಯ ಜೊತೆಗೆ ಮೊದಲು ಬರುವುದು ಬದನೆಕಾಯಿ ಎಣ್ಣೆಗಾಯಿ. ತೊಟ್ಟು ಬಿಡಿಸದೆ ನಾಲ್ಕು ಸೀಳು ಮಾಡಿದ ಎಳೆ ಬದನೆಯೊಳಗೆ ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣ ಕೊಬ್ಬರಿ, ಹುಣಸೆ, ಬೆಲ್ಲ, ಮಸಾಲಿ ಖಾರ ತುಂಬಿ, ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿ ಬೇಯಿಸಿದ ಪಲ್ಯವಿದು. ಹಸಿ ತೆಂಗಿನಕಾಯಿಗೆ ರೂಢಿಯಾದ ನಿಮ್ಮ ನಾಲಿಗೆಗೆ ಇಲ್ಲಿ ಅದರ ಜಾಗದಲ್ಲಿ ಶೇಂಗಾ ಸಿಗುತ್ತದೆ. ಶೇಂಗಾ ಒಗ್ಗದವರು ಯಾರಾದರೂ ಇದ್ದರೆ ಊಟಕ್ಕೆ ಕೂಡುವ ಮೊದಲೇ ತಪ್ಪದೆ ತಿಳಿಸಬೇಕು; ಅವರಿಗೆ ಬೇರೆ ಪಾತ್ರೆಯಲ್ಲಿ, ಬೇರೆ ಎಣ್ಣೆಯಲ್ಲಿ ಅಡಿಗೆ ಮಾಡಿಕೊಡುತ್ತೇವೆ.

ಅನಂತರ ಪುಂಡಿ ಪಲ್ಯ. ಹುಳಿ ಸೊಪ್ಪನ್ನು ಜೋಳದ ನುಚ್ಚು, ಬೇಳೆಯೊಂದಿಗೆ ಬೇಯಿಸಿ ಮಸೆದು, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟದ್ದು. ನೋಡಲು ಅಷ್ಟೇನೂ ಚೆಂದವಿಲ್ಲ, ಆದರೆ ನಮ್ಮ ಮನೆಯಲ್ಲಿ ಮೊದಲು ಖಾಲಿಯಾಗುವ ಪಾತ್ರೆ ಇದೇ. ಮಡಿಕಿಕಾಳಿನ ಉಸುಳಿ ಮತ್ತು ಕಡಲೆಹಿಟ್ಟಿನ ಜುಣಕವೂ ಇವೆ. ಖಾರ ಹೆಚ್ಚಾಯಿತೆಂದು ನೀರು ಕುಡಿದರೆ ಉರಿ ಇಳಿಯುವುದಿಲ್ಲ, ಮೊಸರು ಕೇಳಿರಿ.

ರೊಟ್ಟಿ ಸಾಕೆಂದ ಮೇಲೆ ಸಿಹಿ ಬರುತ್ತದೆ. ಇಂದು ಗೋಧಿ ಹುಗ್ಗಿ: ಕುಟ್ಟಿ ತೌಡು ತೆಗೆದ ಗೋಧಿಯನ್ನು ಅರಳುವಂತೆ ಬೇಯಿಸಿ ಬೆಲ್ಲ, ಗಸಗಸೆ, ಕೊಬ್ಬರಿ, ಯಾಲಕ್ಕಿ ಹಾಕಿದ್ದು. ಹುಗ್ಗಿಯ ನಡುವೆ ತುಪ್ಪ, ಸುತ್ತಲೂ ಬಿಸಿ ಹಾಲು ಹಾಕಿಸಿಕೊಂಡು ಉಣ್ಣುವುದು ವಾಡಿಕೆ.

ಇದಾದ ಮೇಲೆಯೇ ಅನ್ನ, ತೊಗರಿಬೇಳೆಯ ತೆಳು ಸಾರು, ಕಡೆಗೆ ಮಜ್ಜಿಗೆ. ‘ಇನ್ನೊಂದು ಹಾಕಲಿ’ ಎಂದು ಬಡಿಸುವವರು ಮೂರು ಸಲವಾದರೂ ಒತ್ತಾಯ ಮಾಡುತ್ತಾರೆ. ನಿಜವಾಗಿಯೂ ಸಾಕಾಗಿದ್ದರೆ ತಾಟಿನ ಮೇಲೆ ಎರಡೂ ಅಂಗೈ ಅಡ್ಡ ಹಿಡಿದುಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ.

ಹೊರಡುವಾಗ ಪ್ರತಿಯೊಬ್ಬರಿಗೂ 10 ಕಡಕ್ ರೊಟ್ಟಿ ಮತ್ತು ಒಂದು ಪೊಟ್ಟಣ ಶೇಂಗಾ ಹಿಂಡಿ ಕಟ್ಟಿಟ್ಟಿದ್ದೇವೆ. ಘಟ್ಟ ಇಳಿಯುವಷ್ಟರಲ್ಲಿ ರೊಟ್ಟಿ ಮುರಿದು ಚೂರಾದರೂ ಚೆಲ್ಲಬೇಡಿ. ಆ ಚೂರುಗಳನ್ನು ಮೊಸರಿನಲ್ಲಿ ನೆನೆಸಿ, ಹಿಂಡಿ ಉದುರಿಸಿ, ಹಸಿ ಉಳ್ಳಾಗಡ್ಡಿ ಹೆಚ್ಚಿ ಹಾಕಿಕೊಂಡು ತಿನ್ನಿರಿ.